ಚಟ್ನಿಪುಡಿ, ಬಾಗಿನ, ಕನ್ನಡ ಪಾಠ: ಅಮೆರಿಕದ ಬಾಗಿಲಲ್ಲಿ ಯಾವುದು ದಾಟುತ್ತದೆ, ಯಾವುದು ನಿಲ್ಲುತ್ತದೆ

2025ರಲ್ಲಿ ಗಣೇಶ ಚೌತಿ ಬಂದಿದ್ದು ಆಗಸ್ಟ್ 27ಕ್ಕೆ. ಭಾರತದ ಬಹುತೇಕ ಸರಕುಗಳ ಮೇಲೆ ಅಮೆರಿಕ ಒಟ್ಟು ಶೇ. 50ರಷ್ಟು ಹೆಚ್ಚುವರಿ ಸುಂಕ ಹಾಕಲು ಶುರು ಮಾಡಿದ್ದೂ ಅದೇ ದಿನ. ಎರಡು ದಿನ ಕಳೆದು, ಆಗಸ್ಟ್ 29ಕ್ಕೆ, ಇನ್ನೊಂದು ಬಾಗಿಲೂ ಮುಚ್ಚಿತು. 800 ಡಾಲರ್ ಒಳಗಿನ ಪಾರ್ಸಲ್‌ಗೆ ಸುಂಕವೇ ಇಲ್ಲ ಅನ್ನುವ ಹಳೆಯ ವಿನಾಯಿತಿ ಅವತ್ತಿನಿಂದ ನಿಂತುಹೋಯಿತು. ಇದರ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಮೆರಿಕದ ಪಾರ್ಸಲ್ ಬುಕಿಂಗ್ ನಿಲ್ಲಿಸಿತ್ತು. ಮತ್ತೆ ತೆರೆದಿದ್ದು ಅಕ್ಟೋಬರ್ 15ಕ್ಕೆ, ದೀಪಾವಳಿಗೆ ಐದು ದಿನ ಇರುವಾಗ.

ಆ ಹೊತ್ತಿಗೆ ಎಷ್ಟೋ ಸಣ್ಣ ವ್ಯಾಪಾರಗಳ ಲೆಕ್ಕ ತಲೆಕೆಳಗಾಗಿತ್ತು. ಮೈಸೂರಲ್ಲೋ ಶಿರಸಿಯಲ್ಲೋ ಕೂತು ಹುಳಿಪುಡಿ, ಹಪ್ಪಳ, ಕೋಡುಬಳೆ ಮಾಡಿ, ವಾಟ್ಸ್ಆ್ಯಪ್‌ನಲ್ಲಿ ಆರ್ಡರ್ ತಗೊಂಡು, ನೇರ ನ್ಯೂಜೆರ್ಸಿಯ ಮನೆ ಬಾಗಿಲಿಗೆ ಕಳಿಸುವವರಿಗೆ ಆ 800 ಡಾಲರ್ ವಿನಾಯಿತಿಯೇ ಆಧಾರವಾಗಿತ್ತು. ಸುಂಕದ ದರ ಆಮೇಲೂ ಬದಲಾಗಿದೆ, ಇನ್ನೂ ಬದಲಾಗಬಹುದು. ವಿನಾಯಿತಿ ಮಾತ್ರ ವಾಪಸ್ ಬರುತ್ತದೆ ಅಂತ ಕಾಯುವುದರಲ್ಲಿ ಅರ್ಥವಿಲ್ಲ. 2025ರ ಜುಲೈನಲ್ಲಿ ಅಲ್ಲಿ ಆದ ಕಾನೂನಿನ ಪ್ರಕಾರ 2027ರ ಜುಲೈ 1ರಿಂದ ಅದು ಮೂಲ ಕಾಯ್ದೆಯಿಂದಲೇ ಹೋಗುತ್ತದೆ.

ಹೊರದೇಶದ ಕನ್ನಡಿಗರಿಗೆ ಏನಾದರೂ ಮಾರಬೇಕು ಅಂದುಕೊಳ್ಳುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಇರುತ್ತವೆ: ಊರಿನ ತಿಂಡಿ, ಮಕ್ಕಳಿಗೆ ಕನ್ನಡ, ಹಬ್ಬದ ಸಾಮಾನು. ಮೂರೂ ಒಂದೇ ಮನೆಯ ಬೇಡಿಕೆ, ಹಾಗಾಗಿ ಮೂರೂ ಒಂದೇ ವ್ಯಾಪಾರ ಅನ್ನಿಸಿಬಿಡುತ್ತದೆ. ನನ್ನ ಪ್ರಕಾರ ಹಾಗಲ್ಲ. ಗಡಿ ದಾಟುವ ರೀತಿ ಮೂರರದ್ದೂ ಬೇರೆ, ನಷ್ಟ ಆಗುವ ಜಾಗವೂ ಬೇರೆ. ಯಾವುದನ್ನು ಮೊದಲು ಶುರು ಮಾಡಬೇಕು ಅನ್ನುವುದು ಇದರಿಂದ ತೀರ್ಮಾನವಾಗುತ್ತದೆ. ಇಲ್ಲಿ ಅಮೆರಿಕವನ್ನೇ ಇಟ್ಟುಕೊಂಡು ನೋಡೋಣ.

ಚಕ್ಕುಲಿಗೆ ಗಾಳಿಯ ಬಾಡಿಗೆ

ಮೊದಲು ತಿಂಡಿ. ಕೊರಿಯರ್‌ನವರು ತೂಕ ನೋಡುತ್ತಾರೆ, ಪೆಟ್ಟಿಗೆಯ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಅದರಿಂದ ಬರುವ ಅಂಕಿ ಮತ್ತು ನಿಜವಾದ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು.

40, 30, 25 ಸೆಂ.ಮೀ. ಪೆಟ್ಟಿಗೆಯಲ್ಲಿ ಚಕ್ಕುಲಿ, ಕೋಡುಬಳೆ ತುಂಬಿದರೆ ಮುರಿಯದಂತೆ ಜೋಡಿಸಿದ ಮೇಲೆ ಸುಮಾರು 3 ಕೆ.ಜಿ. ಹಿಡಿಯುತ್ತದೆ ಅಂದುಕೊಳ್ಳಿ. ಗಾತ್ರದ ಲೆಕ್ಕದಲ್ಲಿ ಅದು 6 ಕೆ.ಜಿ. ಕೊರಿಯರ್ ದರ ಕೆ.ಜಿ.ಗೆ 700 ರೂಪಾಯಿ ಅಂತ ಹಿಡಿದರೆ 4,200 ರೂಪಾಯಿ ಆಯಿತು. ಅಂದರೆ ಒಂದು ಕೆ.ಜಿ. ಚಕ್ಕುಲಿಗೆ 1,400 ರೂಪಾಯಿ ಸಾಗಣೆ. ಅದೇ 4,200ಕ್ಕೆ ಚಟ್ನಿಪುಡಿಯಾದರೆ 6 ಕೆ.ಜಿ. ಹೋಗುತ್ತದೆ. 30, 20, 20ರ ಚಿಕ್ಕ ಪೆಟ್ಟಿಗೆ ಸಾಕು. ಪುಡಿಗೆ ಕೆ.ಜಿ.ಗೆ 700, ಚಕ್ಕುಲಿಗೆ ಅದರ ಎರಡರಷ್ಟು. ದರ ಕಂಪನಿಯಿಂದ ಕಂಪನಿಗೆ ಬೇರೆ ಇರಬಹುದು. ಆದರೆ ಚಕ್ಕುಲಿ ಕಳಿಸುವವರು ಅರ್ಧ ದುಡ್ಡನ್ನು ಗಾಳಿಗೆ ಕೊಡುತ್ತಾರೆ ಅನ್ನುವುದು ಎಲ್ಲಿ ಹೋದರೂ ಅಷ್ಟೇ.

ಇನ್ನು ಪುಡಿಯ ಲೆಕ್ಕವನ್ನು ಪೂರ್ತಿ ಮಾಡೋಣ. ಕೆ.ಜಿ.ಗೆ 500 ರೂಪಾಯಿಯಂತೆ 6 ಕೆ.ಜಿ.ಗೆ 3,000. ಕೊರಿಯರ್ 4,200. ಶೇ. 50ರ ಸುಂಕ ಇದ್ದ ದಿನಗಳಲ್ಲಿ ಇನ್ನೊಂದು 1,500. ಒಟ್ಟು 8,700. ಕಾಲು ಕೆ.ಜಿ. ಪೊಟ್ಟಣಕ್ಕೆ 360 ರೂಪಾಯಿ ದಾಟಿತು. ಇದರಲ್ಲಿ ಪ್ಯಾಕಿಂಗ್ ಇಲ್ಲ, ಕೊರಿಯರ್‌ನವರು ಸುಂಕ ಕಟ್ಟಿಕೊಟ್ಟಿದ್ದಕ್ಕೆ ಹಾಕುವ ಶುಲ್ಕ ಇಲ್ಲ, ನಿಮ್ಮ ಲಾಭವೂ ಇಲ್ಲ. ಆ ಶುಲ್ಕ ಪಾರ್ಸಲ್‌ಗೆ ಇಷ್ಟು ಅಂತ ಇರುತ್ತದೆ, ಹಾಗಾಗಿ ಸಣ್ಣ ಪಾರ್ಸಲ್‌ಗೇ ಪೆಟ್ಟು ಜಾಸ್ತಿ. ಅತ್ತ ಗ್ರಾಹಕರ ಊರಿನ ಇಂಡಿಯನ್ ಅಂಗಡಿಯಲ್ಲಿ ದೊಡ್ಡ ಬ್ರ್ಯಾಂಡಿನ ಪುಡಿ ಕಡಿಮೆ ಬೆಲೆಗೆ ಕೂತಿರುತ್ತದೆ. ಬರೀ "ಮನೆ ರುಚಿ" ಅಂದರೆ ಈ ವ್ಯತ್ಯಾಸಕ್ಕೆ ಗ್ರಾಹಕರು ಒಂದು ಸಲ ದುಡ್ಡು ಕೊಡುತ್ತಾರೆ. ಎರಡನೇ ಸಲ ಅನುಮಾನ.

ಉಡುಗೊರೆ ಅಂತ ಬರೆದರೆ?

ಇಲ್ಲಿ ಒಂದು ಅಡ್ಡದಾರಿ ಎಲ್ಲರಿಗೂ ಹೊಳೆಯುತ್ತದೆ. 100 ಡಾಲರ್ ಒಳಗಿನ ನಿಜವಾದ ಉಡುಗೊರೆಗೆ ಸುಂಕವಿಲ್ಲ. ಅಮ್ಮ ಮನೆಯಲ್ಲಿ ಮಾಡಿ ಮಗಳಿಗೆ ಪ್ರೀತಿಯಿಂದ ಕಳಿಸುವ ತಿಂಡಿಗೆ, ಅಮೆರಿಕದ ಆಹಾರ ಇಲಾಖೆ ಎಫ್‌ಡಿಎಗೆ ಮುಂಗಡ ಸೂಚನೆ ಕೊಡುವ ಕಟ್ಟಳೆಯೂ ಇಲ್ಲ. ಹಾಗಾದರೆ ಎಲ್ಲ ಆರ್ಡರನ್ನೂ ಉಡುಗೊರೆ ಅಂತಲೇ ಬರೆದುಬಿಟ್ಟರೆ ಆಯಿತಲ್ಲ?

ಆಗುವುದಿಲ್ಲ. ದುಡ್ಡು ತಗೊಂಡು ಮಾಡಿದ್ದು ಉಡುಗೊರೆ ಅಲ್ಲ. ಒಂದೇ ವಿಳಾಸದಿಂದ ವಾರಕ್ಕೆ ಇಪ್ಪತ್ತು "ಉಡುಗೊರೆ", ಎಲ್ಲದರಲ್ಲೂ ಒಂದೇ ಲೇಬಲ್, ಎಲ್ಲ ಬೇರೆ ಬೇರೆ ಹೆಸರಿಗೆ ಹೋದರೆ ಯಾರಿಗಾದರೂ ಗೊತ್ತಾಗುತ್ತದೆ. ಸಿಕ್ಕಿಬಿದ್ದಾಗ ಪಾರ್ಸಲ್ ನಾಶ ಮಾಡುತ್ತಾರೆ ಅನ್ನುವುದು ಒಂದು ಕಡೆ. ತೆಗೆದುಕೊಳ್ಳುವ ಗ್ರಾಹಕರ ಹೆಸರಿಗೂ ಮಸಿ ಬೀಳಬಹುದು ಅನ್ನುವುದು ಇನ್ನೊಂದು ಕಡೆ. ವೀಸಾದ ಮೇಲೆ ಇರುವವರಿಗೆ ಇದು ತಮಾಷೆ ಅಲ್ಲ.

ಮಾರಾಟದ ಆಹಾರಕ್ಕೆ ದಾರಿ ಬೇರೆ. ತಯಾರಿಸುವ ಘಟಕ ಎಫ್‌ಡಿಎಯಲ್ಲಿ ನೋಂದಣಿ ಆಗಿರಬೇಕು, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು, ಅಮೆರಿಕದಲ್ಲಿ ಒಬ್ಬ ಏಜೆಂಟ್ ಇರಬೇಕು. ಪ್ರತಿ ಸರಕಿಗೂ ಮುಂಗಡ ಸೂಚನೆ ಹೋಗಬೇಕು. ವಿಮಾನದಲ್ಲಾದರೆ ಮುಟ್ಟುವ ನಾಲ್ಕು ಗಂಟೆ ಮೊದಲು, ಹಡಗಿನಲ್ಲಾದರೆ ಎಂಟು ಗಂಟೆ ಮೊದಲು. ಇದೆಲ್ಲ ಕಾಗದದ ಕೆಲಸ, ಕಲಿತುಕೊಳ್ಳಬಹುದು.

ಕಷ್ಟದ ಭಾಗ ಆಮದುದಾರರದ್ದು. ಅಲ್ಲಿನ ಕಾನೂನಿನ ಪ್ರಕಾರ, ಹೊರದೇಶದ ಈ ಅಡುಗೆಮನೆಯ ಸರಕು ಸುರಕ್ಷಿತ ಅಂತ ಖಾತ್ರಿ ಮಾಡಿಕೊಳ್ಳುವ ಹೊಣೆ ಅಮೆರಿಕದಲ್ಲಿರುವ ಒಬ್ಬರ ಮೇಲೆ ಬೀಳುತ್ತದೆ. ವರ್ಷಕ್ಕೆ ಹತ್ತು ಲಕ್ಷ ಡಾಲರ್ ಒಳಗೆ ವಹಿವಾಟು ಇರುವ ಸಣ್ಣ ಆಮದುದಾರರಿಗೆ ನಿಯಮ ಹಗುರ. ತಯಾರಕರಿಂದ ಲಿಖಿತ ಭರವಸೆ ತೆಗೆದುಕೊಂಡು ದಾಖಲೆ ಇಟ್ಟುಕೊಳ್ಳುವುದು ಅದರ ಮುಖ್ಯ ಭಾಗ. "ನಮ್ಮ ಭಾವ ಡಲ್ಲಾಸ್‌ನಲ್ಲಿದ್ದಾರೆ, ಅವರ ಹೆಸರು ಹಾಕೋಣ" ಅನ್ನುವುದು ಸುಲಭ. ಆದರೆ ಪುಡಿಯಲ್ಲಿ ಸಾಲ್ಮೊನೆಲ್ಲ ಅನ್ನುವ ರೋಗಾಣು ಸಿಕ್ಕಿದರೆ ಪತ್ರ ಬರುವುದು ಭಾವನಿಗೆ. ಭಾವನಿಗೆ ಇದು ಮೊದಲೇ ಗೊತ್ತಿರಬೇಕು, ಅಲ್ವಾ?

ಲೇಬಲ್ಲಿನಲ್ಲಿ ಎಳ್ಳು, ಇಂಗಿನಲ್ಲಿ ಗೋಧಿ

ನಮ್ಮ ಪುಡಿಗಳಿಗೇ ಹತ್ತಿರದ ಒಂದು ಸಂಗತಿ ಇದೆ. ಅಮೆರಿಕದಲ್ಲಿ ಅಲರ್ಜಿ ತರುವ ಮುಖ್ಯ ಆಹಾರಗಳನ್ನು ಲೇಬಲ್ಲಿನಲ್ಲಿ ಸ್ಪಷ್ಟವಾಗಿ ಹೇಳಲೇಬೇಕು. 2023ರ ಜನವರಿ 1ರಿಂದ ಆ ಪಟ್ಟಿಗೆ ಒಂಬತ್ತನೆಯದಾಗಿ ಎಳ್ಳು ಸೇರಿದೆ. ನಮ್ಮ ಕೆಲವು ಚಟ್ನಿಪುಡಿ, ಪುಳಿಯೋಗರೆ ಪುಡಿ, ಸಂಕ್ರಾಂತಿಯ ಎಳ್ಳು-ಬೆಲ್ಲ ಇವುಗಳಲ್ಲೆಲ್ಲ ಎಳ್ಳಿದೆ. ಶೇಂಗಾ ಪಟ್ಟಿಯಲ್ಲಿ ಮೊದಲಿನಿಂದಲೂ ಇದೆ. ಅಂದರೆ ಉತ್ತರ ಕರ್ನಾಟಕದ ಶೇಂಗಾ ಹಿಂಡಿ ರುಬ್ಬಿದ ಯಂತ್ರದಲ್ಲೇ ಸಾರಿನ ಪುಡಿ ಮಾಡಿದರೆ, ಸಾರಿನ ಪುಡಿಯ ಖರೀದಿದಾರರಿಗೂ ಅದು ಗೊತ್ತಾಗಬೇಕು. ಕೊಬ್ಬರಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಸಡಿಲವಾಗಿದೆ. 2025ರ ಜನವರಿಯಲ್ಲಿ ಎಫ್‌ಡಿಎ ತೆಂಗನ್ನು ಅಲರ್ಜಿ ತರುವ ಬೀಜಗಳ ಪಟ್ಟಿಯಿಂದ ಕೈಬಿಟ್ಟಿತು.

ಬಹಳ ಮಂದಿ ಎಡವುವುದು ಇಂಗಿನಲ್ಲಿ. ಅಂಗಡಿಯಲ್ಲಿ ಸಿಗುವ ಡಬ್ಬಿಯ ಇಂಗು ಶುದ್ಧ ಇಂಗಲ್ಲ. ಅದಕ್ಕೆ ಹಿಟ್ಟು, ಅಂಟು ಬೆರೆಸಿರುತ್ತಾರೆ, ಆ ಹಿಟ್ಟು ಹೆಚ್ಚಾಗಿ ಗೋಧಿಯದ್ದು. ಸಾರಿನ ಪುಡಿಗೆ ಚಿಟಿಕೆ ಇಂಗು ಹಾಕಿದರೂ ಲೇಬಲ್ಲಿನಲ್ಲಿ ಗೋಧಿ ಬರಬೇಕು. "ಗ್ಲುಟೆನ್ ಇಲ್ಲ" ಅಂತ ಮುದ್ರಿಸಿಕೊಂಡವರಿಗೆ ಇದು ದೊಡ್ಡ ತಲೆನೋವು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಡಬ್ಬಿಯ ಹಿಂದೆ ಓದಿ ತಗೊಂಡರೆ ಸಾಕು.

ಬಾಟಲಿಯ ಉಪ್ಪಿನಕಾಯಿ, ಗೊಜ್ಜು ಶುರುವಿಗೆ ಬೇಡ ಅಂತ ನನ್ನ ಸಲಹೆ. ಅವುಗಳಿಗೆ ಆಮ್ಲೀಯ ಆಹಾರದ ಬೇರೆ ನಿಯಮ ತಗುಲಬಹುದು, ತಯಾರಿಕೆಯ ವಿಧಾನವನ್ನೇ ಎಫ್‌ಡಿಎಗೆ ಸಲ್ಲಿಸಬೇಕಾಗಬಹುದು. ಜೊತೆಗೆ, ಎಣ್ಣೆ ಸೋರಿದರೆ ಇಡೀ ಪೆಟ್ಟಿಗೆ ಹಾಳು.

ಹಡಗಿನ ಲೆಕ್ಕ, ಕೊಬ್ಬರಿಯ ಲೆಕ್ಕ

ವಿಮಾನ ದುಬಾರಿಯಾದರೆ ಹಡಗು. ಪೂರ್ತಿ ಕಂಟೇನರ್ ಬೇಕಿಲ್ಲ, ಬೇರೆಯವರ ಸರಕಿನ ಜೊತೆ ಒಂದು ಘನ ಮೀಟರ್ ಜಾಗ ತೆಗೆದುಕೊಳ್ಳಬಹುದು. ಮೇಲಿನ 6 ಕೆ.ಜಿ. ಪೆಟ್ಟಿಗೆಗಳು ಅದರಲ್ಲಿ ಸುಮಾರು 70 ಕೂರುತ್ತವೆ, ಅಂದರೆ 420 ಕೆ.ಜಿ. ಪುಡಿ. ಎರಡೂ ಬಂದರಿನ ಖರ್ಚು, ಏಜೆಂಟ್, ಲಾರಿ ಎಲ್ಲ ಸೇರಿ 1,20,000 ರೂಪಾಯಿ ಅಂತ ಹಿಡಿಯಿರಿ. ಕೆ.ಜಿ.ಗೆ 300 ರೂಪಾಯಿಗಿಂತ ಕಡಿಮೆ. 700 ಎಲ್ಲಿ, 300 ಎಲ್ಲಿ. ಅಲ್ಲಿನ ಗೋದಾಮಿನಿಂದ ಮನೆಗೆ ತಲುಪಿಸುವ ಖರ್ಚು ಬೇರೆ ಸೇರುತ್ತದೆ, ಆದರೂ ಲೆಕ್ಕ ಕೂಡುತ್ತದೆ.

ಆಗ ಬೇರೆ ಎರಡು ತೊಂದರೆ ಎದ್ದು ನಿಲ್ಲುತ್ತವೆ. ಒಂದು ಬಂಡವಾಳ. ಸರಕಿನ 2,10,000, ಸಾಗಣೆಯ 1,20,000, ಜೊತೆಗೆ ಸುಂಕ. ಮೊದಲ ಪೊಟ್ಟಣ ಮಾರಾಟವಾಗುವ ಮುಂಚೆಯೇ ಇಷ್ಟೂ ಕೈಬಿಟ್ಟು ಹೋಗಿರುತ್ತದೆ. ಕಾಲು ಕೆ.ಜಿ.ಯ 1,680 ಪೊಟ್ಟಣ ಖಾಲಿಯಾಗಬೇಕು. ಮನೆಗೆ ನಾಲ್ಕು ಅಂದರೂ 420 ಮನೆ ಬೇಕು.

ಎರಡನೆಯದು ಆಯಸ್ಸು, ನಿಜವಾದ ಗಂಟು ಇರುವುದು ಇಲ್ಲೇ. ಪೊಟ್ಟಣದ ಮೇಲೆ ಆರು ತಿಂಗಳು ಅಂತ ಬರೆದಿದ್ದೀರಿ. ಮಾಡಿ, ಪ್ಯಾಕ್ ಮಾಡಿ, ಬಂದರು ಸೇರಿಸಲು ಎರಡು ವಾರ. ಹಡಗಿನಲ್ಲಿ ಐದಾರು ವಾರ. 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳಿಂದಾಗಿ ಎಷ್ಟೋ ಹಡಗು ಆಫ್ರಿಕಾ ಸುತ್ತಿ ಹೋಗಿವೆ, ಆಗ ಇನ್ನೂ ಜಾಸ್ತಿ. ಕಸ್ಟಮ್ಸ್, ಗೋದಾಮು ಅಂತ ಇನ್ನೆರಡು ವಾರ. ಹತ್ತಿರಹತ್ತಿರ ಎರಡೂವರೆ ತಿಂಗಳು ಹೋಯಿತು. ಅರ್ಧ ಆಯಸ್ಸಾದರೂ ಉಳಿದಿರದ ಸರಕನ್ನು ಅಂಗಡಿಯವರು ಸುಮ್ನೆ ಮುಟ್ಟುವುದಿಲ್ಲ.

ಕೊಬ್ಬರಿ ಹಾಕಿದ ಚಟ್ನಿಪುಡಿಗಂತೂ ಆರು ತಿಂಗಳು ಅನ್ನುವುದೇ ಆಸೆಯ ಮಾತು. ಮುಚ್ಚಿದ ಕಂಟೇನರಿನ ಒಳಗೆ ಬಿಸಿಲಿಗೆ ಶಾಖ ಏರುತ್ತದೆ, ಕೊಬ್ಬರಿಯ ಎಣ್ಣೆ ಹೊರಗೆ ಬರುತ್ತದೆ, ಪುಡಿ ಕಮಟು ವಾಸನೆ ಹಿಡಿಯುತ್ತದೆ. ಇದನ್ನು ಮೊದಲೇ ಪತ್ತೆ ಮಾಡಬಹುದು. ಪ್ರತಿ ಬ್ಯಾಚಿನಿಂದ ಕೆಲವು ಪೊಟ್ಟಣ ತೆಗೆದು ಬೆಚ್ಚಗಿನ ಕಡೆ ಇಡಿ, ವಾರಕ್ಕೊಂದು ಒಡೆದು ನೋಡಿ. ಪೊಟ್ಟಣದ ಒಳಮೈಗೆ ಎಣ್ಣೆಯ ಪಸೆ ಹತ್ತಿದ್ದರೆ, ಪುಡಿ ಉಂಡೆ ಕಟ್ಟಿದ್ದರೆ, ಬಾಯಿಗೆ ಹಾಕಿದ ಮೇಲೆ ಗಂಟಲಲ್ಲಿ ಕೆರೆದಂತಾದರೆ ಆ ಬ್ಯಾಚ್ ಹಡಗಿಗೆ ಆಗುವುದಿಲ್ಲ. ಗಟ್ಟಿ ಉಪಾಯ ಅಂದರೆ ಹಡಗಿಗೆ ಕೊಬ್ಬರಿ ಇಲ್ಲದ ಪುಡಿ ಮಾತ್ರ ಹಾಕುವುದು. ಬೇಳೆ, ಮೆಣಸಿನಕಾಯಿ, ಧನಿಯ ಚೆನ್ನಾಗಿ ಹುರಿದು, ಪೂರ್ತಿ ಆರಿದ ಮೇಲೆ ತುಂಬಿಸುವುದು. "ಬಡಿಸುವಾಗ ಕೊಬ್ಬರಿ ತುರಿ ಸೇರಿಸಿಕೊಳ್ಳಿ" ಅಂತ ಪೊಟ್ಟಣದ ಮೇಲೆ ಬರೆದರೆ ಆಯಿತು.

ಪರೀಕ್ಷೆಗೆ ಜಿಪುಣತನ ಬೇಡ. ಮಸಾಲೆಯಲ್ಲಿ ಸಾಲ್ಮೊನೆಲ್ಲ ಅಮೆರಿಕಕ್ಕೆ ಹಳೆಯ ದೂರು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಾಪುರ ಎಥಿಲೀನ್ ಆಕ್ಸೈಡ್ ಅನ್ನುವ ರಾಸಾಯನಿಕದ ಕಾರಣಕ್ಕೆ ಭಾರತದ ಕೆಲವು ಮಸಾಲೆಗಳನ್ನು ತಡೆದ ಮೇಲೆ ಎಲ್ಲ ಕಡೆ ಕಣ್ಣು ಚುರುಕಾಗಿದೆ. ಬೇರೆ ದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಆಯಾ ದೇಶದ ಪಟ್ಟಿ ನೋಡಿ. ನಾವು ಪಾಯಸ ಮಾಡುವ ಗಸಗಸೆ ಸಿಂಗಾಪುರದಲ್ಲೂ ಯುಎಇಯಲ್ಲೂ ನಿಷಿದ್ಧ.

ಬಿಸಿಬೇಳೆಬಾತ್ ಅಲ್ಲೇ ಬೇಯಲಿ

ಊಟಕ್ಕೆ ಮಾತ್ರ ಸಮುದ್ರ ದಾಟುವ ಹುಚ್ಚು ಬೇಡ. ಅದನ್ನು ಅಲ್ಲೇ ಮಾಡುವವರಿಗೆ ಕ್ಯಾಲಿಫೋರ್ನಿಯದಂಥ ಕಡೆ ಕಾನೂನು ದಾರಿ ಮಾಡಿಕೊಟ್ಟಿದೆ. 2013ರಿಂದ ಅಲ್ಲಿ ಕೆಡದ ಒಣ ತಿನಿಸುಗಳನ್ನು ಮನೆಯಲ್ಲೇ ಮಾಡಿ ಮಾರಬಹುದು. 2019ರಿಂದ ಬಿಸಿ ಊಟಕ್ಕೂ ಅನುಮತಿ ಇದೆ, ಆದರೆ ಆಯಾ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ, ಒಪ್ಪಿರಬೇಕು. ಮೊದಲು ಒಪ್ಪಿದ್ದು ರಿವರ್‌ಸೈಡ್ ಕೌಂಟಿ. ಕನ್ನಡಿಗರು ಜಾಸ್ತಿ ಇರುವ ಫ್ರೀಮಾಂಟ್ ಸೇರುವ ಅಲಮೀಡ ಕೌಂಟಿಯೂ ಒಪ್ಪಿದೆ. ದಿನಕ್ಕೆ 30 ಊಟ, ವಾರಕ್ಕೆ 90 ಊಟದ ಮಿತಿ. ದೊಡ್ಡ ವ್ಯಾಪಾರ ಅಲ್ಲ, ಆದರೆ ಶನಿವಾರ ಬೆಳಗ್ಗೆ ಸೆಟ್ ದೋಸೆ, ಭಾನುವಾರ ಅಕ್ಕಿರೊಟ್ಟಿ ಅಂತ ನಡೆಸುವವರಿಗೆ ಸಾಕು. ಪರವಾನಗಿ ಇಲ್ಲದೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಊಟ ಮಾರುವವರೂ ಇದ್ದಾರೆ. ಒಂದು ದೂರು ಹೋದರೆ ಅದು ಅವತ್ತೇ ನಿಲ್ಲುತ್ತದೆ. ವೀಸಾದಲ್ಲಿ ದುಡಿಯುವ ಹಕ್ಕು ಇಲ್ಲದವರಿಗೆ ಇದು ಪರವಾನಗಿ ಇದ್ದರೂ ಆಗುವ ಕೆಲಸ ಅಲ್ಲ.

ಹಬ್ಬದ ಪೆಟ್ಟಿಗೆಯಲ್ಲಿ ಏನು ಇರಬಾರದು

ಹಬ್ಬದ ಸಾಮಾನಿನಲ್ಲಿ ರುಚಿ ಕೆಡುವ ಭಯ ಇಲ್ಲ, ಗಿಡ-ಮಣ್ಣಿನ ತಪಾಸಣೆಯ ಭಯ ಇದೆ. 2021ರಲ್ಲಿ ವಾಷಿಂಗ್ಟನ್ ಬಳಿಯ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಭಾರತದಿಂದ ಬಂದ ಒಂದು ಸೂಟ್‌ಕೇಸಿನಲ್ಲಿ ಎರಡು ಬೆರಣಿ ಸಿಕ್ಕವು. ಕಾಲುಬಾಯಿ ರೋಗದ ಭಯಕ್ಕೆ ಅಧಿಕಾರಿಗಳು ಅದನ್ನು ನಾಶ ಮಾಡಿದರು. ನಮಗೆ ಹೋಮದ ಸಾಮಾನು, ಅವರಿಗೆ ರೋಗದ ದಾರಿ.

ಮೊರದ ಬಾಗಿನವನ್ನೇ ತೆಗೆದುಕೊಳ್ಳಿ. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಬಟ್ಟೆ ಹೋಗುತ್ತವೆ. ಅಕ್ಕಿ, ಕಡಲೆಕಾಳು ಹಾಕಿದಿರೋ, ಪೆಟ್ಟಿಗೆ ನಿಂತಿತು. ಖಾಪ್ರಾ ಅನ್ನುವ ಧಾನ್ಯದ ಕೀಟ ಭಾರತದಲ್ಲಿ ಇರುವುದರಿಂದ ಇವನ್ನು ಸಣ್ಣ ಪ್ರಮಾಣದಲ್ಲಿ ಲಗೇಜು, ಪಾರ್ಸಲ್‌ನಲ್ಲಿ ಬಿಡುವುದಿಲ್ಲ. ಬಿದಿರಿನ ಮೊರಕ್ಕೂ ತಪಾಸಣೆ ತಪ್ಪದು, ಬಟ್ಟೆ ಸುತ್ತಿದ ರಟ್ಟಿನ ಮೊರ ವಾಸಿ. ಧಾನ್ಯಕ್ಕೆ ಖಾಲಿ ಚೀಲ ಇಟ್ಟು, ಯಾವುದನ್ನು ಎಷ್ಟು ಹಾಕಬೇಕು ಅಂತ ಒಂದು ಚೀಟಿ ಇಟ್ಟರೆ ಅವರೇ ಅಲ್ಲಿನ ಅಂಗಡಿಯಿಂದ ತುಂಬಿಸಿಕೊಳ್ಳುತ್ತಾರೆ. ಮಾವಿನ ತೋರಣ ಬಟ್ಟೆಯದ್ದೇ ಆಗಬೇಕು. ಹಸಿ ಕರಿಬೇವಂತೂ ಮನೆಯವರ ಸೂಟ್‌ಕೇಸಿನಲ್ಲೂ ಬೇಡ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ರೋಗದ ಕೀಟ ಅದರ ಮೇಲೆ ಕೂರುತ್ತದೆ. ಬೆಂಗಳೂರಿನಲ್ಲಿ ಈಗ ಜನಪ್ರಿಯವಾಗಿರುವ ಬೀಜ ಗಣಪನಲ್ಲಿ ಮಣ್ಣೂ ಇದೆ, ಬೀಜವೂ ಇದೆ. ಒಂದೇ ಮೂರ್ತಿಯಲ್ಲಿ ಎರಡು ತಕರಾರು.

ಇನ್ನೊಂದು ಭಯ ಪಂಚಾಂಗದ್ದು. 2025ರಲ್ಲಿ ಆಗಸ್ಟ್ 27ಕ್ಕೆ ಬಂದ ಚೌತಿ 2026ರಲ್ಲಿ ಸೆಪ್ಟೆಂಬರ್ 14ಕ್ಕೆ ಬರುತ್ತದೆ, ನಡುವೆ ಅಧಿಕ ಜ್ಯೇಷ್ಠ ಇರುವುದರಿಂದ. ಹಿಂದಿನ ವರ್ಷದ ತಾರೀಖು ನೋಡಿಕೊಂಡು ಸರಕು ತರಿಸಿದರೆ ಗೋದಾಮಿನ ಬಾಡಿಗೆ ದಂಡ. ತಡವಾದರೆ ಇನ್ನೂ ಕೆಟ್ಟದು, ಹಬ್ಬದ ಮಾರನೇ ದಿನ ಬಾಗಿನಕ್ಕೆ ಬೆಲೆಯೇ ಇಲ್ಲ. ಸೆಪ್ಟೆಂಬರ್ 14ರ ಹಬ್ಬಕ್ಕೆ ಹಡಗು ಜೂನ್ ಕೊನೆಗೆ ಹೊರಡಬೇಕು, ಅಂದರೆ ಆರ್ಡರ್ ಮೇ ತಿಂಗಳಲ್ಲಿ ಕೈಯಲ್ಲಿರಬೇಕು. ಮೇ ತಿಂಗಳಲ್ಲಿ ಗೌರಿಹಬ್ಬದ ಯೋಚನೆ ಯಾರಿಗಿರುತ್ತದೆ?

ಸುಂಕ ಇಲ್ಲದ ಸರಕು

ಈ ಪ್ರಶ್ನೆಗೆ ಉತ್ತರ ಪಾಠದ ಕಡೆ ಇದೆ ಅನ್ನಿಸುತ್ತದೆ. ಕನ್ನಡ ಪಾಠಕ್ಕೆ ಕಸ್ಟಮ್ಸ್ ಇಲ್ಲ, ಕಮಟು ಇಲ್ಲ, ಗೋದಾಮು ಇಲ್ಲ. ಸಮಯದ ವ್ಯತ್ಯಾಸ ಕೂಡ ಇಲ್ಲಿ ಅನುಕೂಲವೇ. ಕ್ಯಾಲಿಫೋರ್ನಿಯದಲ್ಲಿ ಶುಕ್ರವಾರ ಸಂಜೆ 6 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ ಶನಿವಾರ ಬೆಳಗ್ಗೆ 6:30. ಲಂಡನ್ನಿನ ಶನಿವಾರ ಬೆಳಗ್ಗೆ 10 ನಮಗೆ ಮಧ್ಯಾಹ್ನ 2:30. ನ್ಯೂಜೆರ್ಸಿಯ ಬೆಳಗ್ಗೆ 9 ನಮಗೆ ಸಂಜೆ 6:30. ಶಿವಮೊಗ್ಗದಲ್ಲಿ ಕೂತ ಒಬ್ಬ ಟೀಚರ್ ಒಂದೇ ಶನಿವಾರ ಮೂರು ಕಡೆಯ ಮಕ್ಕಳಿಗೆ ಪಾಠ ಮಾಡಬಹುದು. ನವೆಂಬರ್ ಬಂದಾಗ ಮಾತ್ರ ಎಚ್ಚರ, ಅಷ್ಟರಲ್ಲಿ ಅವರ ಗಡಿಯಾರ ಒಂದು ಗಂಟೆ ಹಿಂದೆ ಹೋಗಿರುತ್ತದೆ. ಆ ವಾರ ಅರ್ಧ ತರಗತಿ ತಪ್ಪು ಹೊತ್ತಿಗೆ ಬರುವುದು ಮಾಮೂಲು.

ಆದರೆ ಇಲ್ಲಿ ಸ್ಪರ್ಧೆ ಉಚಿತದ ಜೊತೆ. ಅಮೆರಿಕದ ಎಷ್ಟೋ ಊರಲ್ಲಿ ಕನ್ನಡ ಕೂಟಗಳೇ ಸ್ವಯಂಸೇವಕರಿಂದ ಕನ್ನಡ ಶಾಲೆ ನಡೆಸುತ್ತವೆ, ದುಬೈನಲ್ಲೂ ಉಚಿತ ಕನ್ನಡ ಪಾಠಶಾಲೆ ಇದೆ. ಅಕ್ಷರಮಾಲೆ ಕಲಿಸುತ್ತೇವೆ ಅಂತ ಹೊರಟರೆ ಯಾರೂ ದುಡ್ಡು ಕೊಡುವುದಿಲ್ಲ. ದುಡ್ಡು ಕೊಡುವುದು ಬೇರೆ ಒಂದಕ್ಕೆ. ಆ ಮಕ್ಕಳಿಗೆ ಅಜ್ಜಿ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅವರಿಗೆ ಪುಸ್ತಕದ ವಾಕ್ಯದಿಂದ ಶುರು ಮಾಡಿದರೆ ಮನೆಯಲ್ಲಿ ಕೇಳುವ ಕನ್ನಡಕ್ಕೂ ಅದಕ್ಕೂ ತಾಳೆಯಾಗದೆ ಮಗು ಮುದುಡುತ್ತದೆ. ಮೂರ್ನಾಲ್ಕು ಮಕ್ಕಳ ಗುಂಪು, ವಾರಕ್ಕೆ ಎರಡು ಸಲ ಅರ್ಧ ಗಂಟೆ, ಬರೀ ಮಾತು. ಧಾರವಾಡದ ಮನೆಯ ಮಗುವಿಗೆ ಧಾರವಾಡದ ಕಡೆಯ ಟೀಚರ್ ಸಿಕ್ಕರೆ ಇನ್ನೂ ಒಳ್ಳೆಯದು. ಮಗು ಬಾಯಿಬಿಟ್ಟ ಮೇಲೆ ಅಕ್ಷರ. ಇದನ್ನು ಸ್ವಯಂಸೇವಕರು ಮಾಡಲು ಆಗುವುದಿಲ್ಲ, ಅವರ ಒಂದೊಂದು ತರಗತಿಯಲ್ಲೂ ಮಕ್ಕಳು ಜಾಸ್ತಿ. ತರಗತಿಯ ವಿಡಿಯೊ ಉಳಿಸಿಕೊಳ್ಳುವುದಾದರೆ ಅಪ್ಪ-ಅಮ್ಮನ ಲಿಖಿತ ಒಪ್ಪಿಗೆ ಬೇಕು, 13 ವರ್ಷದೊಳಗಿನ ಮಕ್ಕಳ ಮಾಹಿತಿಯ ವಿಷಯದಲ್ಲಿ ಅಮೆರಿಕದ ಕಾನೂನು ಕಟ್ಟುನಿಟ್ಟು.

ಪಾಠದಿಂದ ಬರುವ ಲಾಭ ಫೀಸಿಗಿಂತ ಬೇರೆ ಕಡೆ ಇದೆ. ಮೂವತ್ತು ನಲವತ್ತು ಮನೆಗಳ ಪರಿಚಯ ವರ್ಷವಿಡೀ ಉಳಿಯುತ್ತದೆ. ಯಾರ ಮನೆಯಲ್ಲಿ ಗೌರಿ ಕೂರಿಸುತ್ತಾರೆ, ಯಾರ ಮಗುವಿಗೆ ಶೇಂಗಾ ಆಗುವುದಿಲ್ಲ, ಯಾರಿಗೆ ಮೈಸೂರಿನ ಹುಳಿಪುಡಿ ಬೇಕು, ಯಾರಿಗೆ ಬೆಳಗಾವಿಯ ಖಾರ ಬೇಕು ಅನ್ನುವುದೆಲ್ಲ ಗೊತ್ತಾಗುತ್ತದೆ. ಮೇ ತಿಂಗಳಲ್ಲಿ ಮುಂಗಡ ಕೊಟ್ಟು ಬಾಗಿನ ಬುಕ್ ಮಾಡುವವರು ಇದ್ದರೆ ಅವರೇ. ಆ ಮನೆಗಳ ಮುಂಗಡ ಸೇರಿ ಒಂದು ಘನ ಮೀಟರಿನ ಒಂದು ಮೂಲೆ ತುಂಬಿದ ಮೇಲೆ ಪುಡಿಯ ಪೆಟ್ಟಿಗೆಯನ್ನು ಜೊತೆಗೆ ಹಾಕಿದರೆ ಉಳಿದ ಜಾಗದ ಖರ್ಚು ಹಗುರಾಗುತ್ತದೆ. ನನಗೆ ಕಾಣುವ ಕ್ರಮ ಇದು: ಮೊದಲ ವರ್ಷ ಪಾಠ, ಎರಡನೇ ವರ್ಷ ಒಂದೇ ಒಂದು ಹಬ್ಬದ ಪೆಟ್ಟಿಗೆ, ಪುಡಿ ಆಮೇಲೆ. ಹೆಚ್ಚಿನವರು ಇದನ್ನು ತಿರುಗಿಸಿ ಪುಡಿಯಿಂದ ಶುರು ಮಾಡುತ್ತಾರೆ, ಯಾಕೆಂದರೆ ಪುಡಿ ಮಾಡುವುದು ಬರುತ್ತದೆ, ಪಾಠ ಮಾಡುವವರನ್ನು ಹುಡುಕಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಪಾಠದ ಆದಾಯವನ್ನು ನಂಬಬೇಡಿ. ಆಗ ಶಾಲೆಗೆ ರಜೆ, ಅರ್ಧ ಮಕ್ಕಳು ಇಲ್ಲೇ ಅಜ್ಜಿ ಮನೆಯಲ್ಲಿರುತ್ತಾರೆ.